ಪಟ್ಟಿಯಲ್ಲಿ ಆವೇಶ ಏರುತ್ತಲೇ ಇದೆ, ಬೋರಾನ್ ಮತ್ತು ಆಕ್ಸಿಜನ್ ಮಾತ್ರ ಏಕೆ ಇಳಿಯುತ್ತವೆ?

ಪ್ರಶ್ನೆ: ಸರ್, ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಿಣಾಮಕಾರಿ ನ್ಯೂಕ್ಲಿಯರ್ ಆವೇಶ ಜಾಸ್ತಿ ಆಗುತ್ತೆ, ಅದಕ್ಕೇ ಅಯಾನೀಕರಣ ಶಕ್ತಿನೂ ಏರುತ್ತೆ ಅಂತಾರೆ. ಬೋರಾನ್‌ನಲ್ಲೂ ಆಕ್ಸಿಜನ್‌ನಲ್ಲೂ ಅದು ಸ್ವಲ್ಪ ಇಳಿಯೋದಕ್ಕೂ ಅದೇ ಆವೇಶ ಕಾರಣ ಅಂತಾರೆ. ಆದ್ರೆ ನನ್ನ ಹತ್ತಿರ ಇರೋ ಪಟ್ಟಿಯಲ್ಲಿ ಈ ಆವೇಶ ಎಲ್ಲೂ ಇಳಿದೇ ಇಲ್ಲ. ಬೆರಿಲಿಯಂ 1.95, ಬೋರಾನ್ 2.60, ನೈಟ್ರೋಜನ್ 3.90, ಆಕ್ಸಿಜನ್ 4.55. ಇಳಿಯದೇ ಇರೋ ಸಂಖ್ಯೆ ಇಳಿತಕ್ಕೆ ಹೇಗೆ ಕಾರಣ ಆಗುತ್ತೆ?

ಉತ್ತರ:

ನಿಮ್ಮ ಪಟ್ಟಿ ಸರಿ ಇದೆ. ನಿಮ್ಮ ಅನುಮಾನವೂ ಸರಿಯೇ. ಎಡವಟ್ಟು ಇರುವುದು ಆ ಪಟ್ಟಿಯನ್ನು ಓದುವ ರೀತಿಯಲ್ಲಿ. 'ಬೋರಾನ್ 2.60' ಎಂದು ಓದಿದ ಕೂಡಲೇ ಅದು ಬೋರಾನ್ ಪರಮಾಣುವಿನ ಗುಣ ಅನಿಸಿಬಿಡುತ್ತದೆ, ಪರಮಾಣು ತೂಕದ ಹಾಗೆ. ಆದರೆ ಇಡೀ ಪರಮಾಣುವಿಗೆ ಅಂತ ಒಂದು ಪರಿಣಾಮಕಾರಿ ಆವೇಶ ಇಲ್ಲ. ಅದು ಒಂದೊಂದು ಎಲೆಕ್ಟ್ರಾನ್‌ಗೆ ಒಂದೊಂದು. ಆ ಎಲೆಕ್ಟ್ರಾನ್ ಎಲ್ಲಿ ಓಡಾಡುತ್ತದೆ, ನ್ಯೂಕ್ಲಿಯಸ್‌ಗೂ ಅದಕ್ಕೂ ನಡುವೆ ಯಾರು ಮರೆಯಾಗಿ ನಿಂತಿದ್ದಾರೆ ಎನ್ನುವುದರ ಮೇಲೆ ಅದಕ್ಕೆ ತಾಗುವ ಎಳೆತ ನಿಂತಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಹೊರಗೆ ಹೋಗುತ್ತಿರುವ ಆ ಒಂದು ಎಲೆಕ್ಟ್ರಾನ್‌ಗೆ ಎಷ್ಟು ಎಳೆತ ಸಿಗುತ್ತಿತ್ತು?

ಈ ವ್ಯತ್ಯಾಸ ಕಣ್ಣಿಗೆ ಕಾಣುವಂತೆ ಇರುವುದು ಬೋರಾನ್‌ನಲ್ಲಲ್ಲ, ಲಿಥಿಯಂನಲ್ಲಿ. ಆದ್ದರಿಂದ ಒಂದೆರಡು ಹೆಜ್ಜೆ ಹಿಂದೆ ಹೋಗೋಣ.

ಹೈಡ್ರೋಜನ್‌ನಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಮರೆ ಮಾಡಲು ಬೇರೆ ಯಾರೂ ಇಲ್ಲ. ಅದನ್ನು ಎರಡನೇ ಕವಚಕ್ಕೆ ಏರಿಸಿದರೆ 2s ಆಗಲಿ 2p ಆಗಲಿ, ಕಿತ್ತು ತೆಗೆಯಲು 3.40 ಎಲೆಕ್ಟ್ರಾನ್ ವೋಲ್ಟ್ ಸಾಕು. (ಒಂದು ಎಲೆಕ್ಟ್ರಾನ್ ವೋಲ್ಟ್ ಎಂದರೆ ಮೋಲ್‌ಗೆ ಸುಮಾರು 96.5 ಕಿಲೋಜೂಲ್. ಇನ್ನು ಮುಂದೆ ಇದನ್ನು ಬರೀ 'ವೋಲ್ಟ್' ಎನ್ನುತ್ತೇನೆ, ಬರೆಯಲು ಸುಲಭ.)

ಲಿಥಿಯಂನಲ್ಲಿ ನ್ಯೂಕ್ಲಿಯಸ್‌ನ ಆವೇಶ ಮೂರು. ಒಳಗೆ ಎರಡು 1s ಎಲೆಕ್ಟ್ರಾನ್‌ಗಳಿವೆ, ಹೊರಗೆ ಒಂದು 2s. ಒಳಗಿನ ಎರಡೂ ಪೂರ್ತಿ ಮರೆ ಮಾಡಿದ್ದರೆ ಹೊರಗಿನದಕ್ಕೆ ಕಾಣುವ ಆವೇಶ ಸರಿಯಾಗಿ ಒಂದು. ಆಗ ಅದನ್ನು ತೆಗೆಯಲು ಹೈಡ್ರೋಜನ್‌ನಂತೆಯೇ 3.40 ವೋಲ್ಟ್ ಸಾಕಾಗಬೇಕಿತ್ತು. ಅಳೆದು ನೋಡಿದರೆ 5.39 ವೋಲ್ಟ್ ಬೇಕು. ಶಕ್ತಿಯಿಂದ ಆವೇಶಕ್ಕೆ ಹೋಗಲು ಈ ಸರಳ ಸೂತ್ರ ಸಾಕು:

```
Z_eff = n × √(I / 13.6)
```

ಇಲ್ಲಿ `n` ಕವಚದ ಸಂಖ್ಯೆ, `I` ಎಲೆಕ್ಟ್ರಾನ್ ತೆಗೆಯಲು ಬೇಕಾದ ಶಕ್ತಿ. 5.39 ಹಾಕಿದರೆ 1.26 ಬರುತ್ತದೆ. ಅಂದರೆ 2s ಎಲೆಕ್ಟ್ರಾನ್‌ಗೆ ಒಂದಕ್ಕಿಂತ ಜಾಸ್ತಿ ಎಳೆತ ಸಿಗುತ್ತಿದೆ.

ಈಗ ಅದೇ ಲಿಥಿಯಂ ಉಪ್ಪನ್ನು ಜ್ವಾಲೆಗೆ ಹಿಡಿಯಿರಿ. ಕಡುಗೆಂಪು ಬಣ್ಣ ಬರುತ್ತದೆ. ಅದು 671 ನ್ಯಾನೋಮೀಟರ್‌ನ ಬೆಳಕು, ಲೆಕ್ಕ ಹಾಕಿದರೆ 1.85 ವೋಲ್ಟ್. ಈ ಬೆಳಕು ಹುಟ್ಟುವುದು ಹೊರಗಿನ ಎಲೆಕ್ಟ್ರಾನ್ 2p ಗೆ ಏರಿ, ಮತ್ತೆ 2s ಗೆ ಇಳಿದಾಗ. ಹಾಗಾದರೆ 2p ಯಲ್ಲಿದ್ದಾಗ ಅದನ್ನು ಹಿಡಿದಿಟ್ಟಿದ್ದ ಶಕ್ತಿ 5.39 ರಲ್ಲಿ 1.85 ಕಳೆದರೆ 3.54 ವೋಲ್ಟ್. ಸೂತ್ರಕ್ಕೆ ಹಾಕಿದರೆ ಆವೇಶ 1.02. ಹೆಚ್ಚು ಕಮ್ಮಿ ಒಂದೇ!

ಇದನ್ನು ಒಂದು ಕ್ಷಣ ನಿಂತು ನೋಡಿ. ನ್ಯೂಕ್ಲಿಯಸ್ ಅದೇ, ಒಳಗಿನ ಎರಡು ಎಲೆಕ್ಟ್ರಾನ್ ಅವೇ, ಕವಚದ ಸಂಖ್ಯೆಯೂ ಅದೇ ಎರಡು. ಆದರೂ 2s ನಲ್ಲಿ ಕೂತರೆ 1.26, 2p ಯಲ್ಲಿ ಕೂತರೆ 1.02. ಹೈಡ್ರೋಜನ್‌ನಲ್ಲಿ ಈ ಎರಡೂ ಜಾಗಕ್ಕೆ ಒಂದೇ ಶಕ್ತಿ. ಲಿಥಿಯಂನಲ್ಲಿ ಅವುಗಳ ನಡುವೆ ಬಿದ್ದ ಬಿರುಕೇ ಆ ಕೆಂಪು ಬಣ್ಣ.

ಬಿರುಕು ಬೀಳುವುದು ಆರ್ಬಿಟಲ್‌ನ ಆಕಾರದಿಂದ. 2s ಎಲೆಕ್ಟ್ರಾನ್ ಹೆಚ್ಚು ಹೊತ್ತು ಹೊರಗೇ ಇದ್ದರೂ, ಅದರ ಮೋಡದ ಒಂದು ಚಿಕ್ಕ ತುಣುಕು ನ್ಯೂಕ್ಲಿಯಸ್‌ನ ಪಕ್ಕದಲ್ಲಿ, 1s ನ ಒಳಗೇ ಇದೆ. ಅಲ್ಲಿಗೆ ನುಗ್ಗಿದಾಗ ಅದಕ್ಕೆ ಮರೆ ಇಲ್ಲ, ಮೂರೂ ಆವೇಶ ನೇರವಾಗಿ ತಾಗುತ್ತದೆ. 2p ಮೋಡ ನ್ಯೂಕ್ಲಿಯಸ್ ಇರುವ ಜಾಗದಲ್ಲಿ ಸೊನ್ನೆ, ಅದರ ಹತ್ತಿರ ಬಹಳ ತೆಳು. ಅದು ಒಳಗೆ ನುಗ್ಗುವುದೇ ಅಪರೂಪ, ಹಾಗಾಗಿ ಮರೆಯ ಹೊರಗೇ ಉಳಿಯುತ್ತದೆ.

ಈಗ ಬೋರಾನ್‌ಗೆ ಬರೋಣ. ಬೆರಿಲಿಯಂನಿಂದ ಹೊರಗೆ ಹೋಗುವುದು 2s ಎಲೆಕ್ಟ್ರಾನ್, ಬೇಕಾಗುವ ಶಕ್ತಿ 9.32 ವೋಲ್ಟ್. ಬೋರಾನ್‌ನಿಂದ ಹೋಗುವುದು 2p ಎಲೆಕ್ಟ್ರಾನ್, ಬೇಕಾಗುವುದು 8.30 ವೋಲ್ಟ್. ನಡುವೆ ಎರಡು ಸಂಗತಿ ನಡೆದಿವೆ. ನ್ಯೂಕ್ಲಿಯಸ್‌ಗೆ ಒಂದು ಪ್ರೋಟಾನ್ ಸೇರಿದೆ, ಅದು ಎಲ್ಲರನ್ನೂ ಒಳಕ್ಕೆ ಎಳೆಯುತ್ತದೆ. ಜೊತೆಗೆ, ಹೊಸದಾಗಿ ಬಂದ ಎಲೆಕ್ಟ್ರಾನ್‌ಗೆ ಸಿಕ್ಕ ಜಾಗ ಕೆಟ್ಟದ್ದು. ಅದಕ್ಕೆ 1s ಜೋಡಿಯಷ್ಟೇ ಅಲ್ಲ, ನ್ಯೂಕ್ಲಿಯಸ್ ಹತ್ತಿರ ತನಗಿಂತ ಚೆನ್ನಾಗಿ ನುಗ್ಗುವ 2s ಜೋಡಿಯೂ ಒಂದಿಷ್ಟು ಮರೆ. ಎರಡನೇ ಸಂಗತಿ ಮೊದಲನೆಯದನ್ನು ಮೀರಿಸುತ್ತದೆ.

'ಮೀರಿಸುತ್ತದೆ' ಅಂತ ಸುಮ್ನೆ ಹೇಳಿದರೆ ಒಪ್ಪಬೇಡಿ, ಸಾಕ್ಷಿ ಕೇಳಿ. ಸಾಕ್ಷಿ ಇದೆ. ಫೋಟೋಎಲೆಕ್ಟ್ರಾನ್ ರೋಹಿತಮಾಪನದಲ್ಲಿ ಪರಮಾಣುವಿನ ಮೇಲೆ ಗೊತ್ತಿರುವ ಶಕ್ತಿಯ ಬೆಳಕು ಬಿಟ್ಟು, ಹೊರಗೆ ಹಾರಿದ ಎಲೆಕ್ಟ್ರಾನ್‌ನ ವೇಗ ಅಳೆಯುತ್ತಾರೆ. ಕೊಟ್ಟ ಶಕ್ತಿಯಲ್ಲಿ ಅದು ಹೊತ್ತೊಯ್ದದ್ದನ್ನು ಕಳೆದರೆ, ಅದನ್ನು ಹಿಡಿದಿಟ್ಟಿದ್ದ ಶಕ್ತಿ ಸಿಗುತ್ತದೆ. ಇದರ ದೊಡ್ಡ ಲಾಭ ಏನೆಂದರೆ ತೀರಾ ಹೊರಗಿನದನ್ನೇ ತೆಗೆಯಬೇಕೆಂಬ ಕಟ್ಟುಪಾಡಿಲ್ಲ, 2s ನಿಂದಲೂ ತೆಗೆಯಬಹುದು. ಬೋರಾನ್‌ನ 2s ಎಲೆಕ್ಟ್ರಾನ್ ತೆಗೆಯಲು ಸರಾಸರಿ 14 ವೋಲ್ಟ್ ಬೇಕು. ಬೆರಿಲಿಯಂನ 2s ಗೆ ಬೇಕಿದ್ದದ್ದು 9.32.

ಅಂದರೆ 2s ಅನ್ನು 2s ಜೊತೆ ಹೋಲಿಸಿದರೆ ಬೋರಾನ್‌ನಲ್ಲಿ ಇಳಿತವೇ ಇಲ್ಲ, ಐದು ವೋಲ್ಟ್‌ನಷ್ಟು ಏರಿಕೆ ಇದೆ. ನಿಮ್ಮ ಪಟ್ಟಿ ಹೇಳುವ ಏರಿಕೆ ನಿಜವೇ. ನಾವು ತಗ್ಗು ಎಂದು ಕರೆಯುವುದು ಒಂದು ಬಗೆಯ ಎಲೆಕ್ಟ್ರಾನ್‌ನಿಂದ ಇನ್ನೊಂದು ಬಗೆಯದಕ್ಕೆ ಹಾರಿದ್ದರಿಂದ ಹುಟ್ಟಿದ್ದು.

ಹಾಗಾದರೆ ನಿಮ್ಮ ಪಟ್ಟಿ ಈ ತಗ್ಗನ್ನು ಏಕೆ ತೋರಿಸುವುದಿಲ್ಲ? 1.95, 2.60 ಎಂಬ ಸಂಖ್ಯೆಗಳು 1930ರಲ್ಲಿ ಜಾನ್ ಸ್ಲೇಟರ್ ಕೊಟ್ಟ ನಿಯಮಗಳಿಂದ ಬಂದವು. ಆ ನಿಯಮದಲ್ಲಿ 2s ಮತ್ತು 2p ಒಂದೇ ಗುಂಪು. ಗುಂಪಿನೊಳಗೆ ಒಬ್ಬೊಬ್ಬರೂ ಇನ್ನೊಬ್ಬರನ್ನು 0.35 ರಷ್ಟು ಮರೆ ಮಾಡುತ್ತಾರೆ, ಒಳಗಿನ 1s ಎಲೆಕ್ಟ್ರಾನ್ ಒಂದೊಂದೂ 0.85 ರಷ್ಟು. ಬೋರಾನ್‌ಗೆ: ಐದರಲ್ಲಿ ಎರಡು ಸಲ 0.85, ಎರಡು ಸಲ 0.35 ಕಳೆದರೆ 2.60. ಈ 2.60 ಬೋರಾನ್‌ನ 2s ಗೂ ಸೇರಿದ್ದು, 2p ಗೂ ಸೇರಿದ್ದು. ಯಾವ ವ್ಯತ್ಯಾಸದಿಂದ ತಗ್ಗು ಹುಟ್ಟುತ್ತದೋ ಅದನ್ನೇ ಅಳಿಸಿ ಮಾಡಿದ ಪಟ್ಟಿ ಅದು.

ಲೆಕ್ಕ ಮಾಡಿಯೇ ನೋಡಬಹುದು. ಸ್ಲೇಟರ್ ಪ್ರಕಾರ ಅಯಾನೀಕರಣ ಶಕ್ತಿ ಎಂದರೆ ಎಲೆಕ್ಟ್ರಾನ್ ಹೋಗುವ ಮೊದಲಿನ ಒಟ್ಟು ಶಕ್ತಿಗೂ ಹೋದ ಮೇಲಿನ ಒಟ್ಟು ಶಕ್ತಿಗೂ ಇರುವ ಅಂತರ. ಒಟ್ಟು ಏಕೆ ತೆಗೆದುಕೊಳ್ಳಬೇಕು ಎಂದರೆ, ಒಬ್ಬರು ಎದ್ದು ಹೋದರೆ ಉಳಿದವರಿಗೆ ಮರೆ ಕಮ್ಮಿಯಾಗಿ ಅವರು ಇನ್ನಷ್ಟು ಒಳಕ್ಕೆ ಕುಗ್ಗುತ್ತಾರೆ. ಅವರಿಂದ ಸ್ವಲ್ಪ ಶಕ್ತಿ ವಾಪಸ್ ಬರುತ್ತದೆ. ಎರಡನೇ ಕವಚದ ಮಟ್ಟಿಗೆ:

```
Be  : 2 × 13.6 × (1.95/2)² = 25.86
Be⁺ : 1 × 13.6 × (2.30/2)² = 17.99    I = 7.87

B   : 3 × 13.6 × (2.60/2)² = 68.95
B⁺  : 2 × 13.6 × (2.95/2)² = 59.18    I = 9.77
```

ಬೆರಿಲಿಯಂ 7.87, ಬೋರಾನ್ 9.77. ಏರಿಕೆ! ನಿಜವಾದ ಅಳತೆ 9.32 ಮತ್ತು 8.30. ಇದೇ ರೀತಿ ನೈಟ್ರೋಜನ್‌ಗೆ ಮತ್ತು ಆಕ್ಸಿಜನ್‌ಗೆ ಮಾಡಿದರೆ 12.9 ಮತ್ತು 14.2 ಬರುತ್ತದೆ, ಅಲ್ಲೂ ತಗ್ಗಿಲ್ಲ. ನಾನು ಕಲಿಯುವಾಗ ಈ ಲೆಕ್ಕ ಮಾಡಿ, ಎಲ್ಲೋ ಕಳೆಯುವುದರಲ್ಲಿ ತಪ್ಪಿರಬೇಕು ಅಂತ ಮೂರು ಸಲ ತಿದ್ದಿದ್ದೆ. ತಪ್ಪು ನನ್ನದಾಗಿರಲಿಲ್ಲ. ಸ್ಲೇಟರ್ ಪಟ್ಟಿ ದೊಡ್ಡ ಏರಿಕೆಯನ್ನು ಚೆನ್ನಾಗಿ ಹೇಳುತ್ತದೆ, ಚಿಕ್ಕ ತಗ್ಗುಗಳನ್ನು ಹೇಳುವ ಶಕ್ತಿ ಅದಕ್ಕೆ ಇಲ್ಲ. ತಗ್ಗಿಗೆ ಕಾರಣವಾಗಿ ಆ ಪಟ್ಟಿಯನ್ನು ತೋರಿಸುವ ಉತ್ತರ ಎಲ್ಲಿ ಕಂಡರೂ ಅದು ತಪ್ಪು.

'ಹಾಗಾದರೆ ಮೇಲಿನ ಸೂತ್ರದಿಂದ ತೆಗೆದ ಆವೇಶ ಬಳಸೋಣ' ಎಂದು ನಿಮಗೆ ಅನಿಸಬಹುದು. ಅದರಲ್ಲಿ ತಗ್ಗು ಕಾಣುತ್ತದೆ: ಬೆರಿಲಿಯಂ 1.66, ಬೋರಾನ್ 1.56, ನೈಟ್ರೋಜನ್ 2.07, ಆಕ್ಸಿಜನ್ 2.00. ನೋಡಲು ಚೆಂದ. ಆದರೆ ಈ ಸಂಖ್ಯೆಗಳನ್ನು ನಾವು ತೆಗೆದದ್ದೇ ಅಯಾನೀಕರಣ ಶಕ್ತಿಯಿಂದ. ಅದರಿಂದಲೇ ತೆಗೆದು, ಅದಕ್ಕೇ ಕಾರಣ ಎಂದರೆ ಸುತ್ತಿ ಬಳಸಿ ನಿಂತಲ್ಲಿಗೇ ಬಂದ ಹಾಗೆ. ಲಿಥಿಯಂನ ಕೆಂಪು ಬೆಳಕು, ಬೋರಾನ್‌ನ 2s ಅಳತೆ ಇವುಗಳನ್ನು ನಾನು ಎಳೆದು ತಂದದ್ದು ಇದಕ್ಕಾಗಿಯೇ. ಅವು ಬೇರೆ ದಾರಿಯಿಂದ ಬಂದ ಸಾಕ್ಷಿಗಳು.

ಇನ್ನು ಆಕ್ಸಿಜನ್. ಇಲ್ಲಿ ಕತೆ ಬೇರೆ. ನೈಟ್ರೋಜನ್‌ನಿಂದ ಹೋಗುವುದೂ 2p, ಆಕ್ಸಿಜನ್‌ನಿಂದ ಹೋಗುವುದೂ 2p. ಎಲೆಕ್ಟ್ರಾನ್‌ನ ಬಗೆ ಬದಲಾಗಿಲ್ಲ. ಆದರೂ 14.53 ರಿಂದ 13.62 ಕ್ಕೆ ಇಳಿಯುತ್ತದೆ.

ಎಲ್ಲರೂ ಹೇಳುವ ಕಾರಣ ನಿಮಗೂ ಗೊತ್ತಿರುತ್ತದೆ: 'ನೈಟ್ರೋಜನ್‌ನಲ್ಲಿ 2p ಅರ್ಧ ತುಂಬಿದೆ, ಅರ್ಧ ತುಂಬಿದ್ದು ವಿಶೇಷವಾಗಿ ಸ್ಥಿರ.' ನನಗೆ ಈ ವಾಕ್ಯ ಅಷ್ಟಾಗಿ ಹಿಡಿಸುವುದಿಲ್ಲ. ಏಕೆ ಅಂತ ಹೇಳಲು ಒಂದು ಗ್ರಾಫ್ ಎಳೆಯೋಣ. ಬೋರಾನ್ 8.30, ಕಾರ್ಬನ್ 11.26, ನೈಟ್ರೋಜನ್ 14.53. ಈ ಮೂರು ಚುಕ್ಕೆ ಹೆಚ್ಚು ಕಮ್ಮಿ ಒಂದೇ ಗೆರೆಯ ಮೇಲೆ ಬರುತ್ತವೆ, ಒಂದೊಂದು ಮೆಟ್ಟಿಲಿಗೆ ಸುಮಾರು 3.1 ವೋಲ್ಟ್. ನೈಟ್ರೋಜನ್‌ಗೆ ಏನೋ ವಿಶೇಷ ಸ್ಥಿರತೆ ಇದ್ದಿದ್ದರೆ ಅದರ ಚುಕ್ಕೆ ಗೆರೆಯಿಂದ ಚೆನ್ನಾಗಿ ಮೇಲಕ್ಕೆ ಜಿಗಿದಿರಬೇಕಿತ್ತು. ಜಿಗಿದಿಲ್ಲ, ಗೆರೆಯ ಮೇಲೇ ಇದೆ.

ಅದೇ ಗೆರೆಯನ್ನು ಮುಂದುವರಿಸಿದರೆ ಆಕ್ಸಿಜನ್ 17.6 ರ ಹತ್ತಿರ ಇರಬೇಕಿತ್ತು. ಇರುವುದು 13.62, ನಾಲ್ಕು ವೋಲ್ಟ್ ಕೆಳಗೆ. ಫ್ಲೋರಿನ್ 17.42, ನಿಯಾನ್ 21.56. ಅವು ಮತ್ತೆ ಏರುತ್ತಾ ಹೋದರೂ ಹಳೆಯ ಗೆರೆಯ ಕೆಳಗೇ ಉಳಿಯುತ್ತವೆ. ಅಂದರೆ ನೈಟ್ರೋಜನ್ ಒಂದೇ ಮೇಲಕ್ಕೆ ಎದ್ದಿಲ್ಲ, ಆಕ್ಸಿಜನ್‌ನಿಂದ ಮುಂದಿನ ಮೂರೂ ಕೆಳಕ್ಕೆ ಸರಿದಿವೆ. ಕಾರಣವನ್ನು ಹುಡುಕಬೇಕಾದದ್ದು ಆ ಮೂರರಲ್ಲಿ.

ಆ ಮೂರರಲ್ಲೂ ಇರುವುದು ಜೋಡಿ. ಬೋರಾನ್, ಕಾರ್ಬನ್, ನೈಟ್ರೋಜನ್‌ಗಳಲ್ಲಿ 2p ಎಲೆಕ್ಟ್ರಾನ್‌ಗಳು ಒಂದೊಂದು ಆರ್ಬಿಟಲ್‌ಗೆ ಒಂದೊಂದರಂತೆ ಕೂರುತ್ತವೆ, ಸ್ಪಿನ್ ಎಲ್ಲಕ್ಕೂ ಒಂದೇ ದಿಕ್ಕು. ಒಂದೇ ಸ್ಪಿನ್‌ನ ಎರಡು ಎಲೆಕ್ಟ್ರಾನ್‌ಗಳು ಒಂದೇ ಜಾಗದಲ್ಲಿ ಇರುವಂತಿಲ್ಲ, ಪೌಲಿ ತತ್ವ ಬಿಡುವುದಿಲ್ಲ. ಹಾಗಾಗಿ ಅವು ತಾವಾಗಿಯೇ ದೂರ ದೂರ ಇರುತ್ತವೆ. ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದು ಕಮ್ಮಿ, ಮರೆ ಮಾಡುವುದೂ ಕಮ್ಮಿ. ಆಕ್ಸಿಜನ್‌ನ ನಾಲ್ಕನೇ 2p ಎಲೆಕ್ಟ್ರಾನ್‌ಗೆ ಖಾಲಿ ಆರ್ಬಿಟಲ್ ಉಳಿದಿಲ್ಲ. ಅದು ಎದುರು ಸ್ಪಿನ್‌ನಲ್ಲಿ ಬಂದು ಯಾರದೋ ಆರ್ಬಿಟಲ್‌ನಲ್ಲಿ ಪಾಲುದಾರ ಆಗಬೇಕು. ಎದುರು ಸ್ಪಿನ್‌ಗೆ ದೂರ ಇರಬೇಕೆಂಬ ಆ ನಿಯಮ ಇಲ್ಲ. ಇಬ್ಬರೂ ಒಂದೇ ಮೋಡದಲ್ಲಿ ಒತ್ತೊತ್ತಾಗಿ ಇರುತ್ತಾರೆ, ಪರಸ್ಪರ ತಳ್ಳಾಟ ಜಾಸ್ತಿ.

ಇದನ್ನು ಆವೇಶದ ಮಾತಿನಲ್ಲಿ ಹೇಳುವುದಾದರೆ: ಒಂದೇ ಆರ್ಬಿಟಲ್‌ನ ಪಾಲುದಾರ ಮಾಡುವ ಮರೆ, ಪಕ್ಕದ ಆರ್ಬಿಟಲ್‌ನಲ್ಲಿ ಒಂದೇ ಸ್ಪಿನ್‌ನಲ್ಲಿ ಕೂತವರು ಮಾಡುವ ಮರೆಗಿಂತ ದೊಡ್ಡದು. ಸ್ಲೇಟರ್ ಇಬ್ಬರಿಗೂ 0.35 ಎಂದು ಒಂದೇ ಬೆಲೆ ಕಟ್ಟಿದ. ಆಕ್ಸಿಜನ್‌ನ ತಗ್ಗು ಅವನ ಲೆಕ್ಕದಲ್ಲಿ ಮಾಯವಾದದ್ದು ಅಲ್ಲೇ.

ಇಲ್ಲೊಂದು ಎಚ್ಚರಿಕೆ. 'ಜೋಡಿಯಲ್ಲಿರುವ ಆ ಎಲೆಕ್ಟ್ರಾನ್ ಹೊರಗೆ ಹೋಗುತ್ತದೆ' ಎಂದು ನಾವೆಲ್ಲ ಹೇಳುತ್ತೇವೆ, ನಾನೂ ಹೇಳುತ್ತೇನೆ. ಎಲೆಕ್ಟ್ರಾನ್‌ಗಳಿಗೆ ಗುರುತಿನ ಚೀಟಿ ಇಲ್ಲ, ಇದೇ ಹೋಯಿತು ಎಂದು ಬೆರಳು ತೋರಿಸಲು ಆಗುವುದಿಲ್ಲ. ಸರಿಯಾದ ಅರ್ಥ ಇಷ್ಟೇ: ಹೋಗುವ ಮೊದಲು ಪರಮಾಣುವಿನಲ್ಲಿ ಒಂದು ಜೋಡಿಯ ತಳ್ಳಾಟ ಇತ್ತು, ಹೋದ ಮೇಲೆ ಇಲ್ಲ. ಆ ತಳ್ಳಾಟದ ಶಕ್ತಿ ಹೊರಗೆ ಕಳಿಸುವ ಕೆಲಸಕ್ಕೆ ನೆರವಾಯಿತು, ನಾವು ಕೊಡಬೇಕಾದ ಶಕ್ತಿ ಅಷ್ಟು ಉಳಿಯಿತು.

ಈಗ ನೋಡಿ, ಆಕ್ಸಿಜನ್‌ನ ತಗ್ಗು ಒಂದು ಪೈಪೋಟಿಯ ಫಲಿತಾಂಶ. ಒಂದು ಕಡೆ ಪ್ರೋಟಾನ್ ಸೇರಿದ್ದರಿಂದ ಬರುವ ಮೆಟ್ಟಿಲು, 3.1 ವೋಲ್ಟ್ ಮೇಲಕ್ಕೆ. ಇನ್ನೊಂದು ಕಡೆ ಜೋಡಿ ಆದದ್ದರಿಂದ ಬರುವ ಕಡಿತ, 4 ವೋಲ್ಟ್ ಕೆಳಕ್ಕೆ. ಕಡಿತ ಗೆದ್ದಿತು, ಅದೂ ಒಂದು ವೋಲ್ಟ್‌ನೊಳಗೆ. ತಗ್ಗು ಚಿಕ್ಕದಾಗಿರುವುದು ಕಾರಣಗಳು ಚಿಕ್ಕವು ಎಂದಲ್ಲ. ಎರಡು ದೊಡ್ಡ ಸಂಖ್ಯೆಗಳು ಒಂದನ್ನೊಂದು ಹೆಚ್ಚು ಕಮ್ಮಿ ಹೊಡೆದುಹಾಕುತ್ತವೆ, ಅಷ್ಟೇ.

ಹಾಗಾದರೆ ಮೆಟ್ಟಿಲು ಗೆಲ್ಲುವ ಜಾಗವೂ ಇರಬೇಕಲ್ವಾ? ಇದೆ, ಎರಡು ಕಡೆ.

ಮೊದಲನೆಯದು ಅಯಾನುಗಳಲ್ಲಿ. ಎರಡನೇ ಅಯಾನೀಕರಣ ಶಕ್ತಿಗಳನ್ನು ತೆಗೆದುಕೊಳ್ಳಿ. ಒಂದು ಎಲೆಕ್ಟ್ರಾನ್ ಆಗಲೇ ಹೋಗಿರುವುದರಿಂದ ಕಾರ್ಬನ್ ಅಯಾನಿನ ಜೋಡಣೆ ಬೋರಾನ್‌ನಂತೆ, ಫ್ಲೋರಿನ್ ಅಯಾನಿನದು ಆಕ್ಸಿಜನ್‌ನಂತೆ. ನಮ್ಮ ವಿವರಣೆ ಸರಿಯಿದ್ದರೆ ತಗ್ಗುಗಳು ಒಂದು ಮನೆ ಬಲಕ್ಕೆ ಸರಿಯಬೇಕು. ಸರಿಯುತ್ತವೆ. ಬೋರಾನ್ ಅಯಾನು 25.15, ಕಾರ್ಬನ್ ಅಯಾನು 24.38. ಆಕ್ಸಿಜನ್ ಅಯಾನು 35.12, ಫ್ಲೋರಿನ್ ಅಯಾನು 34.97. ತಗ್ಗು ಧಾತುವಿನ ಹೆಸರಿಗೆ ಅಂಟಿಕೊಂಡಿಲ್ಲ, ಎಲೆಕ್ಟ್ರಾನ್ ಜೋಡಣೆಗೆ ಅಂಟಿಕೊಂಡಿದೆ.

ಆದರೆ ಎರಡನೇ ತಗ್ಗು ಎಷ್ಟು ಕುಗ್ಗಿದೆ ನೋಡಿ. 0.91 ಇದ್ದದ್ದು 0.15 ಆಗಿದೆ. ಮೆಟ್ಟಿಲು 3.1 ರಿಂದ 5.4 ಕ್ಕೆ ಬೆಳೆಯಿತು, ಕಡಿತ 4 ರಿಂದ 5.5 ಕ್ಕೆ ಮಾತ್ರ. ಇನ್ನೊಂದು ಎಲೆಕ್ಟ್ರಾನ್ ತೆಗೆಯಿರಿ. ಈಗ ನೈಟ್ರೋಜನ್ ಜಾಗದಲ್ಲಿ ನಿಂತದ್ದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಫ್ಲೋರಿನ್, 62.71 ವೋಲ್ಟ್. ಆಕ್ಸಿಜನ್ ಜಾಗದಲ್ಲಿ ನಿಂತದ್ದು ಎರಡು ಕಳೆದುಕೊಂಡ ನಿಯಾನ್, 63.45 ವೋಲ್ಟ್. ತಗ್ಗು ಹೋಗಿ ಏರಿಕೆ ಬಂದಿದೆ! 2p ಅರ್ಧ ತುಂಬಿರುವುದು ಇಲ್ಲೂ ಹಾಗೇ ಇದೆ. 'ಅರ್ಧ ತುಂಬಿದರೆ ಸ್ಥಿರ' ಎಂಬ ಒಂದು ಸಾಲಿನ ಉತ್ತರ ಇಲ್ಲಿ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ. ಮೆಟ್ಟಿಲು ಮತ್ತು ಕಡಿತದ ಲೆಕ್ಕ ಮಾತ್ರ ಇಲ್ಲೂ ನಡೆಯುತ್ತದೆ: ಮೆಟ್ಟಿಲು 7.6, ಕಡಿತ 6.9.

ಎರಡನೆಯದು ಆವರ್ತ ಕೋಷ್ಟಕದಲ್ಲಿ ಕೆಳಕ್ಕೆ ಇಳಿದಾಗ. ಹೊರ ಕವಚ ದೊಡ್ಡದಾದಂತೆ p ಮೋಡ ಹರಡಿಕೊಳ್ಳುತ್ತದೆ. ಒಂದೇ ಆರ್ಬಿಟಲ್‌ನಲ್ಲಿದ್ದರೂ ಪಾಲುದಾರರಿಗೆ ಸ್ವಲ್ಪ ಜಾಗ ಸಿಗುತ್ತದೆ, ತಳ್ಳಾಟ ತಗ್ಗುತ್ತದೆ. ಫಾಸ್ಫರಸ್ 10.49, ಸಲ್ಫರ್ 10.36. ತಗ್ಗು ಇದೆ, ಆದರೆ ಅತಿ ಚಿಕ್ಕದು. ಆರ್ಸೆನಿಕ್ 9.79, ಸೆಲೆನಿಯಂ 9.75. ಇದ್ದೂ ಇಲ್ಲದ ಹಾಗೆ. ಆಂಟಿಮನಿ 8.61, ಟೆಲ್ಯೂರಿಯಂ 9.01. ತಗ್ಗು ಇಲ್ಲವೇ ಇಲ್ಲ. ಆಂಟಿಮನಿಯ 5p ಅರ್ಧ ತುಂಬಿದೆ, ನೈಟ್ರೋಜನ್‌ನ 2p ಯಂತೆಯೇ.

s ನಿಂದ p ಗೆ ಹಾರುವ ಮೊದಲನೇ ತಗ್ಗು ಹೀಗೆ ಬೇಗ ಸೋಲುವುದಿಲ್ಲ. ಮೆಗ್ನೀಸಿಯಂ 7.65, ಅಲ್ಯೂಮಿನಿಯಂ 5.99. ಬೆರಿಲಿಯಂ ಮತ್ತು ಬೋರಾನ್ ನಡುವಿನದಕ್ಕಿಂತ ಇದು ದೊಡ್ಡದೇ. ಎರಡು ತಗ್ಗುಗಳು ಬೇರೆ ಬೇರೆ ದಾರಿ ಹಿಡಿಯುವುದನ್ನು ನೋಡಿದರೆ ಅವುಗಳ ಕಾರಣವೂ ಬೇರೆ ಎನ್ನುವುದು ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ವಾಕ್ಯ ಬರೆಯುವವರು ಬಹಳ ಜನ. ಬೋರಾನ್‌ಗೆ 'ಎಲೆಕ್ಟ್ರಾನ್‌ಗಳ ತಳ್ಳಾಟ' ಎಂದಷ್ಟೇ ಬರೆದರೆ ಅಥವಾ ಆಕ್ಸಿಜನ್‌ಗೆ '2s ನ ಮರೆ' ಎಂದು ಬರೆದರೆ ನಾನಂತೂ ಅಂಕ ಕೊಡುವುದಿಲ್ಲ. ನೈಟ್ರೋಜನ್‌ಗೂ 2s ನ ಮರೆ ಇದ್ದೇ ಇದೆಯಲ್ಲ. ಹಾಗೆಯೇ 'ಬೆರಿಲಿಯಂನ 2s ಪೂರ್ತಿ ತುಂಬಿದೆ, ಅದಕ್ಕೆ ಸ್ಥಿರ' ಎಂಬುದೂ ಅರೆಬರೆ ಉತ್ತರ. ಬೋರಾನ್‌ನಲ್ಲೂ 2s ಪೂರ್ತಿ ತುಂಬಿಯೇ ಇದೆ. ಬರೆಯಬೇಕಾದದ್ದು: ಯಾವ ಆರ್ಬಿಟಲ್‌ನಿಂದ ಹೋಗುತ್ತಿದೆ, ಅದಕ್ಕೆ ಮರೆ ಯಾರು, ಆ ಮರೆ ಹಿಂದಿನ ಧಾತುವಿಗಿಂತ ಹೇಗೆ ಬೇರೆ.

ಇನ್ನೂ ಕೆಳಕ್ಕೆ, ಆರನೇ ಆವರ್ತಕ್ಕೆ ಇಳಿದರೆ ಈ ವಿವರಣೆಯ ಎಲ್ಲೆ ಸಿಗುತ್ತದೆ. ಸೀಸ 7.42, ಬಿಸ್ಮತ್ 7.29, ಪೊಲೋನಿಯಂ 8.41. ತಗ್ಗು ಒಂದು ಮನೆ ಮುಂಚೆಯೇ, ಅರ್ಧ ತುಂಬಿದ ಬಿಸ್ಮತ್‌ನಲ್ಲೇ ಬಿದ್ದಿದೆ. ಅಷ್ಟು ಭಾರದ ನ್ಯೂಕ್ಲಿಯಸ್‌ನ ಹತ್ತಿರ ಎಲೆಕ್ಟ್ರಾನ್‌ನ ಸ್ಪಿನ್ನೂ ಅದರ ಸುತ್ತಾಟವೂ ಬಲವಾಗಿ ಹೆಣೆದುಕೊಂಡು, ಮೂರು p ಆರ್ಬಿಟಲ್‌ಗಳು ಸಮನಾಗಿ ಉಳಿಯುವುದಿಲ್ಲ. ಒಂದು ಕೆಳಕ್ಕೆ ಇಳಿದು ಎರಡು ಎಲೆಕ್ಟ್ರಾನ್‌ಗಳಿಗೆ ಜಾಗ ಕೊಡುತ್ತದೆ, ಉಳಿದ ಎರಡು ಮೇಲೆ ನಿಲ್ಲುತ್ತವೆ. ಸೀಸದ ಎರಡು p ಎಲೆಕ್ಟ್ರಾನ್‌ಗಳು ಕೆಳಗಿನದರಲ್ಲಿ ತುಂಬಿಕೊಂಡವು. ಬಿಸ್ಮತ್‌ನ ಮೂರನೆಯದು ಮೇಲಿನದಕ್ಕೆ ಹೋಗಬೇಕಾಯಿತು. ಬೋರಾನ್‌ನಲ್ಲಿ 2s ತುಂಬಿದ ಮೇಲೆ ಬಂದ ಎಲೆಕ್ಟ್ರಾನ್‌ಗೆ ಆದ ಗತಿಯೇ ಇಲ್ಲಿ ಅದಕ್ಕೂ ಆಯಿತು.